ಒಂದೇ ಕಾಲಂನ ವಿಳಾಸವನ್ನು ಒಡೆಯುವುದು: ಟಿಳಕವಾಡಿಯ ಒಂಬತ್ತನೇ ತರಗತಿಯ ಎರಡು ಪಾಠಗಳು

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಟಿಳಕವಾಡಿಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕಂಪ್ಯೂಟರ್ ಪಾಠ ಮಾಡಿದರು. ವಿಷಯ ಎಕ್ಸೆಲ್ ಹಾಳೆಯಲ್ಲಿ ಒಂದೇ ಕಾಲಂನಲ್ಲಿ ತುಂಬಿಟ್ಟಿದ್ದ ವಿಳಾಸಗಳನ್ನು ಮನೆ ಸಂಖ್ಯೆ, ಬೀದಿ, ಬಡಾವಣೆ, ಪಿನ್‌ಕೋಡ್ ಎಂದು ಬೇರೆ ಬೇರೆ ಕಾಲಂಗಳಿಗೆ ಹಂಚುವುದು. ಮೊದಲ ಪಾಠ ಕೆಟ್ಟಿತು. ಎರಡು ದಿನ ಬಿಟ್ಟು ಅದೇ ತರಗತಿಗೆ ಅದೇ ವಿಷಯವನ್ನು ಬೇರೆ ದಾರಿಯಿಂದ ಮಾಡಿದರು. ಎರಡನ್ನೂ ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸಿದವನಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಪಾಠದ ತಪ್ಪು ಅವರೊಬ್ಬರದೇ ಅಲ್ಲ. ಅವರ ಪಾಠ ಯೋಜನೆಗೆ ಸಹಿ ಹಾಕಿದವನು ನಾನೇ.

ಈ ವಿಷಯವನ್ನು ಆರಿಸಲು ಕಾರಣವಿತ್ತು. ಶಾಲೆಯವರು ಪಾಲಕರಿಗೆ ಅಂಚೆಯಲ್ಲಿ ಪತ್ರ ಕಳಿಸಬೇಕಿತ್ತು. ಪಿನ್‌ಕೋಡ್ ಪ್ರಕಾರ ಕಟ್ಟು ಕಟ್ಟಿಕೊಟ್ಟರೆ ಕೆಲಸ ಸುಲಭವಾಗುತ್ತದೆ. ಆದರೆ ಪಿನ್‌ಕೋಡ್ ವಿಳಾಸದ ಬಾಲದಲ್ಲಿ ಅಂಟಿಕೊಂಡಿದ್ದರಿಂದ ಹಾಳೆಯನ್ನು ಅದರ ಪ್ರಕಾರ ವಿಂಗಡಿಸಲು ಬರುತ್ತಿರಲಿಲ್ಲ. ಮಕ್ಕಳ ನಿಜವಾದ ವಿಳಾಸಗಳನ್ನು ತರಗತಿಯ ಪರದೆಯ ಮೇಲೆ ಹಾಕಬಾರದೆಂದು ಮೊದಲೇ ತೀರ್ಮಾನಿಸಿದ್ದೆವು. ಹಾಗಾಗಿ ಪಟ್ಟಿಯಲ್ಲಿ ಕಂಡ ಬರವಣಿಗೆಯ ರೀತಿಗಳನ್ನಷ್ಟೇ ಇಟ್ಟುಕೊಂಡು ಆರು ವಿಳಾಸಗಳನ್ನು ಹೊಸದಾಗಿ ಕಟ್ಟಿದೆವು. ಊರು, ರಸ್ತೆ, ಪೇಟೆಗಳ ಹೆಸರು ನಿಜ. ಸಂಖ್ಯೆಗಳೂ ಜೋಡಣೆಯೂ ಕಲ್ಪಿತ. ಬೆಳಗಾವಿಯಲ್ಲಿ ವಿಳಾಸಗಳು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರುತ್ತವೆ. ಪಾಠಕ್ಕೆ ಕನ್ನಡದ್ದನ್ನಷ್ಟೇ ತೆಗೆದುಕೊಂಡೆವು.

```
12/3, ಮಂಗಳವಾರ ಪೇಟೆ, ಟಿಳಕವಾಡಿ, ಬೆಳಗಾವಿ - 590006
ಸಿ.ಟಿ.ಎಸ್. ನಂ. 4108/2, ಖಾನಾಪುರ ರಸ್ತೆ, ಟಿಳಕವಾಡಿ, ಬೆಳಗಾವಿ 590 006
ಮಾತೃಛಾಯಾ, ಪ್ಲಾಟ್ ನಂ. 7, 2ನೇ ಕ್ರಾಸ್, 2ನೇ ರೈಲ್ವೆ ಗೇಟ್ ಹತ್ತಿರ, ಟಿಳಕವಾಡಿ, ಬೆಳಗಾವಿ - 590006
48/15, ಕಾಂಗ್ರೆಸ್ ರಸ್ತೆ, ಟಿಳಕವಾಡಿ, ಬೆಳಗಾವಿ-6
ಮನೆ ನಂ. 31, ಬೆಳಗಾವಿ ರಸ್ತೆ, ಖಾನಾಪುರ, ಜಿ. ಬೆಳಗಾವಿ - 591302
5/8, ಗುರುವಾರ ಪೇಟೆ ಟಿಳಕವಾಡಿ, ಬೆಳಗಾವಿ - 590006
```

ಓದುಗರು ಮುಂದೆ ಹೋಗುವ ಮೊದಲು ಈ ಆರನ್ನೂ ಒಮ್ಮೆ ನಿಧಾನವಾಗಿ ಓದಬೇಕು. ಇವು ಎ2ರಿಂದ ಎ7ರವರೆಗಿನ ಸೆಲ್‌ಗಳಲ್ಲಿವೆ. ಮೊದಲ ಸಾಲು ಶೀರ್ಷಿಕೆಯದು.

ಮೊದಲ ಪಾಠ

ಪಾಠ ಯೋಜನೆಯಲ್ಲಿ ಕಲಿಕಾ ಫಲ ಹೀಗಿತ್ತು: ವಿದ್ಯಾರ್ಥಿಯು Text to Columns ಬಳಸಿ ವಿಳಾಸವನ್ನು ಅಲ್ಪವಿರಾಮದ ಆಧಾರದಲ್ಲಿ ವಿಭಜಿಸುವನು. ಓದಿದಾಗ ನನಗೂ ಸರಿಯೆನಿಸಿತ್ತು. ಪ್ರಶಿಕ್ಷಣಾರ್ಥಿ ಎ ಕಾಲಂ ಆಯ್ದು, Data ಮೆನುವಿನಲ್ಲಿ Text to Columns ಒತ್ತಿ, Delimited ಎಂದು, ಆಮೇಲೆ Comma ಎಂದು ಗುರುತು ಹಾಕಿ, ಕೊನೆಯ ಪುಟವನ್ನು ಓದದೆ Finish ಒತ್ತಿದರು. ವಿಳಾಸಗಳು ಚೂರುಚೂರಾಗಿ ಕಾಲಂಗಳಿಗೆ ಹೋದವು. ಮಕ್ಕಳು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಮುಂದಿನ ಬೆಂಚಿನ ಹುಡುಗಿ, "ಟೀಚರ್, ಮೊದಲನೇ ಮನಿಗೆ ತಾರೀಖು ಬಂದೈತಿ" ಎಂದಳು. 12/3 ಇದ್ದಲ್ಲಿ 12-Mar ಎಂದಿತ್ತು. ಆರನೆಯ ಸಾಲಿನ 5/8 ಕೂಡ 05-Aug ಆಗಿತ್ತು. ನಾಲ್ಕನೆಯ ಸಾಲಿನ 48/15 ಮಾತ್ರ ಇದ್ದಂತೆಯೇ ಉಳಿದಿತ್ತು. ಓರೆಗೆರೆಯಿರುವ ಸಂಖ್ಯೆ ತಾರೀಖಿನಂತೆ ಕಂಡರೆ ಎಕ್ಸೆಲ್ ಅದನ್ನು ತಾರೀಖೆಂದೇ ತಿಳಿಯುತ್ತದೆ. ಮಾರ್ಚ್ 12 ಇದೆ, ಆಗಸ್ಟ್ 5 ಇದೆ, ನಲವತ್ತೆಂಟನೆಯ ದಿನ ಇಲ್ಲ. ಎಲ್ಲ ಸಾಲುಗಳೂ ಒಟ್ಟಿಗೆ ಕೆಟ್ಟಿದ್ದರೆ ಯಾರಾದರೂ ಕೂಡಲೇ ನೋಡುತ್ತಿದ್ದರು. ಕೆಲವು ಕೆಟ್ಟು ಕೆಲವು ಉಳಿದದ್ದೇ ಇಲ್ಲಿನ ಅಪಾಯ. ನಾನೂರು ಸಾಲಿನ ಪಟ್ಟಿಯಲ್ಲಿ ಮೊದಲ ಪುಟ ನೋಡಿ ಸರಿಯಿದೆ ಎಂದುಕೊಂಡವರು ಲೇಬಲ್ ಮುದ್ರಿಸಿದ ಮೇಲಷ್ಟೇ ತಿಳಿದುಕೊಳ್ಳುತ್ತಾರೆ. ಬೇರೊಂದು ಕಡೆ ಹಾಗೆ ಮುದ್ರಿಸಿದ ಲೇಬಲ್ ಅಂಟಿಸಿದ ಲಕೋಟೆಯೊಂದು ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆ ಸಂಖ್ಯೆಯ ಜಾಗದಲ್ಲಿ ತಿಂಗಳ ಹೆಸರಿತ್ತು.

ಪ್ರಶಿಕ್ಷಣಾರ್ಥಿ ಗಾಬರಿಯಾಗಿ ಆ ಸೆಲ್‌ನ ಬಗೆಯನ್ನು Text ಎಂದು ಬದಲಿಸಿದರು. ಆಗ 12-Mar ಹೋಗಿ ನಲವತ್ತೈದು ಸಾವಿರಕ್ಕೂ ಮೀರಿದ ಐದಂಕಿಯ ಸಂಖ್ಯೆ ಬಂತು. ಎಕ್ಸೆಲ್ ತಾರೀಖನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ, ಆ ಎಣಿಕೆ ಈಗ ಹೊರಗೆ ಬಂದಿತ್ತು. ಒಮ್ಮೆ ಹೀಗಾದ ಮೇಲೆ ಬಗೆ ಬದಲಿಸಿದರೆ 12/3 ಮರಳುವುದಿಲ್ಲ. Undo ಒತ್ತಬೇಕು, ಇಲ್ಲವೇ ಮೂಲ ಕಾಲಂಗೆ ಹೋಗಬೇಕು. ಮೂಲ ಕಾಲಂ ಉಳಿದಿರಲಿಲ್ಲ. Text to Columns ಎ ಕಾಲಂನಲ್ಲೇ ಮೊದಲ ಚೂರನ್ನು ಬರೆದುಬಿಟ್ಟಿತ್ತು. ಅದೃಷ್ಟಕ್ಕೆ Undo ಕೆಲಸ ಮಾಡಿತು.

ಇದಕ್ಕೆ ಪರಿಹಾರ ಸಣ್ಣದು. Text to Columns ಕಿಟಕಿಯ ಮೂರನೆಯ ಪುಟದಲ್ಲಿ ಮೊದಲ ಕಾಲಂ ಮೇಲೆ ಒತ್ತಿ General ಬದಲು Text ಆರಿಸಬೇಕು, ಮತ್ತು Destination ಎಂಬಲ್ಲಿ ಎ2 ಬದಲು ಬೇರೆ ಜಾಗ ಕೊಡಬೇಕು. ನಮ್ಮ ಕಂಪ್ಯೂಟರ್ ಪಾಠಗಳಲ್ಲಿ ಆ ಮೂರನೆಯ ಪುಟವನ್ನು ತೋರಿಸುವವರು ಕಡಿಮೆ, Finish ಗುಂಡಿ ಅಷ್ಟು ಹತ್ತಿರದಲ್ಲಿರುತ್ತದೆ.

ಆದರೆ ತಾರೀಖನ್ನು ಸರಿಪಡಿಸಿದ ಮೇಲೂ ಪಾಠ ನಿಲ್ಲಲಿಲ್ಲ. ಮೊದಲ ಸಾಲು ನಾಲ್ಕು ಚೂರಾಗಿತ್ತು, ಮೂರನೆಯದು ಆರು, ಆರನೆಯದು ಮೂರು. ಹೀಗಾಗಿ ಮೊದಲ ಸಾಲಿನಲ್ಲಿ ಮೂರನೆಯ ಕಾಲಂನಲ್ಲಿ ಟಿಳಕವಾಡಿ ಬಂದರೆ ಮೂರನೆಯ ಸಾಲಿನಲ್ಲಿ ಅದೇ ಕಾಲಂನಲ್ಲಿ "2ನೇ ಕ್ರಾಸ್" ಕುಳಿತಿತ್ತು, ಆರನೆಯ ಸಾಲಿನಲ್ಲಿ "ಬೆಳಗಾವಿ - 590006". ಪಾಠ ಯೋಜನೆಯ ಪ್ರಕಾರ ಕಲಿಕಾ ಫಲ ಸಾಧಿತವಾಗಿತ್ತು. ಅಲ್ಪವಿರಾಮದ ಆಧಾರದಲ್ಲಿ ವಿಭಜನೆ ಆಗಿತ್ತಲ್ಲ! ಬಡಾವಣೆಯ ಕಾಲಂ ಎಂಬುದೇ ಇರಲಿಲ್ಲ ಅಷ್ಟೆ. ಅಲ್ಪವಿರಾಮ ಬರೆಯುವವರು ಉಸಿರು ತೆಗೆದುಕೊಂಡ ಜಾಗ. ಅದರ ಹಿಂದೆ ಇರುವುದು ಬೀದಿಯೋ ಬಡಾವಣೆಯೋ ಎಂದು ಅದು ಹೇಳುವುದಿಲ್ಲ.

ನಡುವೆ ನಡೆದ ಮಾತು

ಪಾಠ ಮುಗಿದ ಮೇಲೆ ಶಿಕ್ಷಕರ ಕೊಠಡಿಯಲ್ಲಿ ಕುಳಿತು ಆ ಆರು ವಿಳಾಸಗಳನ್ನು ಕಾಗದದ ಪಟ್ಟಿಗಳ ಮೇಲೆ ಬರೆದು ನೋಡಿದೆವು. ಪಟ್ಟಿಗಳನ್ನು ಎಡಕ್ಕೆ ಸಾಲಾಗಿ ಜೋಡಿಸಿದರೆ ಒಂದಕ್ಕೊಂದು ಹೊಂದುವುದಿಲ್ಲ. ಬಲಕ್ಕೆ ಸಾಲಾಗಿ ಜೋಡಿಸಿದರೆ ಕೊನೆಯ ಚೂರಿನಲ್ಲಿ ಊರು ಮತ್ತು ಪಿನ್, ಅದರ ಹಿಂದೆ ಬಡಾವಣೆ ಎಂದು ಐದು ಸಾಲುಗಳು ಹೊಂದಿಕೊಳ್ಳುತ್ತವೆ. ನಮ್ಮಲ್ಲಿ ವಿಳಾಸ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತದೆ: ಬಾಗಿಲು, ಬೀದಿ, ಬಡಾವಣೆ, ಊರು. ತಲೆಯ ಕಡೆ ಬರೆಯುವವರ ಇಷ್ಟ ನಡೆಯುತ್ತದೆ. ಒಬ್ಬರು ಮನೆಯ ಹೆಸರು ಬರೆದರೆ ಇನ್ನೊಬ್ಬರು ಪ್ಲಾಟ್ ನಂಬರ್ ಬರೆಯುತ್ತಾರೆ. ಬಾಲದ ಕಡೆ ಅಂಚೆ ಇಲಾಖೆಯ ಶಿಸ್ತಿದೆ. ಹಾಗಾದರೆ ಬಾಲದಿಂದ ಒಡೆಯಬೇಕು. ಎರಡನೆಯ ಪಾಠ ಇದರ ಮೇಲೆ ನಿಂತಿತು.

ಎರಡನೆಯ ಪಾಠ: ಬಾಲದಿಂದ

ಮೊದಲ ಹತ್ತು ನಿಮಿಷ ಕಂಪ್ಯೂಟರ್ ಮುಟ್ಟಲಿಲ್ಲ. ಪ್ರತಿ ಗುಂಪಿಗೆ ಆರು ಕಾಗದದ ಪಟ್ಟಿ, ನಾಲ್ಕು ಬಣ್ಣದ ಪೆನ್ಸಿಲ್ ಕೊಟ್ಟರು. ಮನೆ ಸಂಖ್ಯೆಗೆ ಕೆಂಪು, ಬೀದಿಗೆ ಹಸಿರು, ಬಡಾವಣೆಗೆ ನೀಲಿ, ಪಿನ್‌ಕೋಡಿಗೆ ಹಳದಿ. ಬಣ್ಣ ಹಚ್ಚದೆ ಉಳಿದ ಮಾತುಗಳನ್ನು ಕರಿಹಲಗೆಯ ಮೇಲೆ ಬರೆಯಲು ಹೇಳಿದರು. "2ನೇ ರೈಲ್ವೆ ಗೇಟ್ ಹತ್ತಿರ" ಎಂಬುದು ಎಲ್ಲ ಗುಂಪುಗಳಲ್ಲೂ ಉಳಿಯಿತು. ಟಿಳಕವಾಡಿಯಲ್ಲಿ ಮೊದಲನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್ ಎಂದೇ ಜನ ದಾರಿ ಹೇಳುತ್ತಾರೆ. ಅದು ಬೀದಿಯಲ್ಲ, ಬಡಾವಣೆಯೂ ಅಲ್ಲ. ಬಿಟ್ಟುಬಿಡೋಣವೇ ಎಂದು ಪ್ರಶಿಕ್ಷಣಾರ್ಥಿ ಕೇಳಿದಾಗ ಒಬ್ಬ ಹುಡುಗ, "ಬ್ಯಾಡ ಟೀಚರ್, ಪೋಸ್ಟಮನ್ ಅದನ್ನ ನೋಡಿ ಬರ್ತಾನ್ರಿ" ಎಂದ. ಆದ್ದರಿಂದ ಗುರುತು ಎಂಬ ಐದನೆಯ ಕಾಲಂ ಹುಟ್ಟಿತು. ಅದೇ ಸಾಲಿನಲ್ಲಿ ಎರಡು ಕಡೆ 2 ಎಂಬ ಅಂಕಿಯಿದೆ, ಎರಡೂ ಮನೆ ಸಂಖ್ಯೆಯಲ್ಲ ಎಂಬುದನ್ನೂ ಮಕ್ಕಳೇ ಹೇಳಿದರು.

ಮಂಗಳವಾರ ಪೇಟೆ ಬೀದಿಯೋ ಬಡಾವಣೆಯೋ ಎಂಬುದರ ಮೇಲೆ ಜಗಳವೇ ಆಯಿತು. ಟಿಳಕವಾಡಿಯಲ್ಲಿ ವಾರದ ಹೆಸರಿನ ಪೇಟೆಗಳಿವೆ, ಅಲ್ಲಿ ಇರುವ ಮಕ್ಕಳಿಗೆ ಅದು ತಮ್ಮ ಬಡಾವಣೆಯೇ. ಆದರೆ ಹಾಗೆ ತೆಗೆದುಕೊಂಡರೆ ಬಡಾವಣೆಯ ಕಾಲಂನಲ್ಲಿ ಒಂದು ಸಾಲಿಗೆ ಪೇಟೆ, ಇನ್ನೊಂದು ಸಾಲಿಗೆ ಟಿಳಕವಾಡಿ ಬಂದು ವಿಂಗಡಿಸಿದಾಗ ಒಂದೇ ಜಾಗದ ಮನೆಗಳು ಚದುರುತ್ತವೆ. ತರಗತಿ ಒಂದು ನಿಯಮ ಮಾಡಿಕೊಂಡಿತು: ಊರಿನ ಹೆಸರಿಗೆ ತೀರ ಹಿಂದೆ ಇರುವುದು ಬಡಾವಣೆ, ಅದಕ್ಕಿಂತ ಚಿಕ್ಕದೆಲ್ಲ ಬೀದಿಯ ಕಾಲಂಗೆ. ಈ ನಿಯಮ ಸರಿಯೋ ತಪ್ಪೋ ಎಂಬುದಕ್ಕಿಂತ ಆರೂ ಸಾಲಿಗೆ ಒಂದೇ ನಿಯಮ ಎಂಬುದು ಮುಖ್ಯ. ಅದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟರು.

ಇನ್ನು ಕಂಪ್ಯೂಟರ್. ಎ ಕಾಲಂ ಮೂಲ ವಿಳಾಸ, ಅದನ್ನು ಯಾರೂ ಮುಟ್ಟುವಂತಿಲ್ಲ. ಬಿ ಮನೆ ಸಂಖ್ಯೆ, ಸಿ ಬೀದಿ, ಡಿ ಗುರುತು, ಇ ಬಡಾವಣೆ, ಎಫ್ ಬಾಲ, ಅಂದರೆ ಕೊನೆಯ ಅಲ್ಪವಿರಾಮದ ನಂತರದ ಚೂರು, ಜಿ ಪಿನ್‌ಕೋಡ್. ಮೊದಲು ಜಿ2ರಲ್ಲಿ ಈ ಸೂತ್ರ:

```
=RIGHT(SUBSTITUTE(A2," ",""),6)
```

SUBSTITUTE ಖಾಲಿ ಜಾಗಗಳನ್ನೆಲ್ಲ ತೆಗೆಯುತ್ತದೆ, RIGHT ಕೊನೆಯ ಆರು ಅಕ್ಷರ ಕೊಡುತ್ತದೆ. ಖಾಲಿ ಜಾಗ ತೆಗೆಯದಿದ್ದರೆ ಎರಡನೆಯ ಸಾಲಿನ "590 006" ನಮಗೆ "90 006" ಎಂದು ಬರುತ್ತಿತ್ತು. ಸೂತ್ರವನ್ನು ಕೆಳಗೆ ಎಳೆದಾಗ ಐದು ಸಾಲು ಸರಿ ಬಂದವು. ನಾಲ್ಕನೆಯದರಲ್ಲಿ "ಗಾವಿ-6" ಎಂದು ಬಂದು ತರಗತಿ ನಕ್ಕಿತು. ನಕ್ಕು ಮುಗಿದ ಮೇಲೆ ಒಬ್ಬಳು, "ಇದರಾಗ ನಾಕ ಅಕ್ಷರ ಐತಲ್ರಿ, ಆರು ಅಂದಿದ್ರಿ" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾವು ಗಾ ಎಂಬುದನ್ನು ಒಂದು ಅಕ್ಷರವೆಂದು ಎಣಿಸುತ್ತೇವೆ, ಕಂಪ್ಯೂಟರ್ ಗ ಒಂದು, ದೀರ್ಘದ ಗುರುತು ಇನ್ನೊಂದು ಎಂದು ಎಣಿಸುತ್ತದೆ. ಗಾ ಎರಡು, ವಿ ಎರಡು, ಅಡ್ಡಗೆರೆ ಒಂದು, 6 ಒಂದು. ಟಿಳಕವಾಡಿ ನಮ್ಮ ಬಾಯಲ್ಲಿ ಐದು, LEN ಸೂತ್ರಕ್ಕೆ ಎಂಟು. ಕನ್ನಡ ವಿಳಾಸದ ಮೇಲೆ LEFT, RIGHT, MID ಬಳಸುವವರು ಇದನ್ನು ಮರೆತರೆ ಕಾಗುಣಿತದ ನಡುವೆಯೇ ಕತ್ತರಿ ಬೀಳುತ್ತದೆ.

"ಬೆಳಗಾವಿ-6" ಎಂದು ಬರೆಯುವುದು ದೊಡ್ಡವರ ರೂಢಿ, 590006ರ ಕೊನೆಯ ಅಂಕಿಯಷ್ಟೇ ಅದು. ಆರಂಕಿಯ ಪಿನ್‌ಕೋಡ್ ನಮ್ಮ ದೇಶದಲ್ಲಿ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯ ಹೇಳುತ್ತದೆ, ಕರ್ನಾಟಕ 5ರ ವಲಯದಲ್ಲಿದೆ. ಮೊದಲ ಮೂರು ಅಂಕಿ ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಅಂದರೆ ಪಿನ್‌ಕೋಡ್ ಅಂಚೆ ಕಚೇರಿಯ ಸಂಖ್ಯೆ, ಬಡಾವಣೆಯ ಸಂಖ್ಯೆಯಲ್ಲ. ಒಂದೇ ಪಿನ್‌ಕೋಡಿನ ಕೆಳಗೆ ಹಲವು ಬಡಾವಣೆಗಳು ಬರಬಹುದು. ಹಾಗಾಗಿ ಪಿನ್ ನೋಡಿ ಬಡಾವಣೆ ಬರೆಯಬಾರದು. ಆದರೆ ಬರೆದ ಬಡಾವಣೆ ಪಿನ್‌ಗೆ ಹೊಂದುವುದೇ ಎಂದು ಪರೀಕ್ಷಿಸಬಹುದು. ಈ ವ್ಯತ್ಯಾಸದ ಉಪಯೋಗ ಮುಂದಿನ ಹೆಜ್ಜೆಯಲ್ಲೇ ಕಂಡಿತು.

ಖಾನಾಪುರ ಎಲ್ಲಿದೆ?

ಬಡಾವಣೆ ಹುಡುಕಲು ಒಬ್ಬ ಚುರುಕಾದ ಹುಡುಗ ದಾರಿ ಹೇಳಿದ: ವಿಳಾಸದೊಳಗೆ ಎಲ್ಲಾದರೂ ಖಾನಾಪುರ ಇದ್ದರೆ ಖಾನಾಪುರ ಎಂದು ಬರೆ, ಇಲ್ಲದಿದ್ದರೆ ಟಿಳಕವಾಡಿ. ಪ್ರಶಿಕ್ಷಣಾರ್ಥಿ ಅದನ್ನು ತಳ್ಳಿಹಾಕದೆ ಪರದೆಯ ಮೇಲೆ ಬರೆಸಿದರು.

```
=IF(ISNUMBER(FIND("ಖಾನಾಪುರ",A2)),"ಖಾನಾಪುರ","ಟಿಳಕವಾಡಿ")
```

ಉತ್ತರ ಬಂದಾಗ ಎರಡನೆಯ ಸಾಲಿಗೂ ಐದನೆಯ ಸಾಲಿಗೂ ಖಾನಾಪುರ ಬಂತು. ಹಿಂದಿನ ಬೆಂಚಿನಿಂದ ಧ್ವನಿ: "ಖಾನಾಪುರ ರೋಡ್ ನಮ್ಮ ಮನಿ ಮುಂದನ ಐತ್ರಿ ಟೀಚರ್, ನಾವೇನ್ ಖಾನಾಪುರದಾಗ ಇಲ್ಲ." ರಸ್ತೆಗೆ ಅದು ಹೊರಡುವ ಊರಿನ ಹೆಸರಿಡುವುದಿಲ್ಲ, ತಲುಪುವ ಊರಿನ ಹೆಸರಿಡುತ್ತೇವೆ. ಬೆಳಗಾವಿಯಲ್ಲಿ ಇರುವುದು ಖಾನಾಪುರ ರಸ್ತೆ. ಅದೇ ರಸ್ತೆಯಲ್ಲಿ ಖಾನಾಪುರಕ್ಕೆ ಹೋಗಿ ನಿಂತು ಹಿಂದಿರುಗಿ ನೋಡಿದರೆ ಅದು ಬೆಳಗಾವಿ ರಸ್ತೆ. ಐದನೆಯ ಸಾಲಿನಲ್ಲಿ ಅದೇ ಇದೆ. ಖಾನಾಪುರದ ಬದಲು "ಬೆಳಗಾವಿ" ಎಂದು ಹುಡುಕಿ ಅದರ ಹಿಂದಿನದನ್ನು ಬಡಾವಣೆ ಎಂದುಕೊಂಡರೂ ಅಲ್ಲಿ ಎಡವುತ್ತೇವೆ, ಏಕೆಂದರೆ FIND ಮೊದಲು ಸಿಕ್ಕ ಬೆಳಗಾವಿಯಲ್ಲೇ ನಿಲ್ಲುತ್ತದೆ. ಆ ಬೆಳಗಾವಿಯ ಹಿಂದೆ ಇರುವುದು "ಮನೆ ನಂ. 31".

ಹೆಸರು ಹುಡುಕುವುದನ್ನು ಬಿಟ್ಟು ಸ್ಥಾನ ಹುಡುಕಬೇಕು: ಬಾಲದಿಂದ ಎರಡನೆಯ ಚೂರು. ಅದಕ್ಕೆ ಎಕ್ಸೆಲ್ ಬಳಸುವವರಲ್ಲಿ ಹಳೆಯ ಉಪಾಯವೊಂದಿದೆ. ಪ್ರತಿ ಅಲ್ಪವಿರಾಮದ ಜಾಗದಲ್ಲಿ ನೂರು ಖಾಲಿ ಜಾಗ ತುಂಬಿದರೆ ಚೂರುಗಳು ದೂರದೂರ ಸರಿಯುತ್ತವೆ. ಆಗ ಬಲದಿಂದ ನೂರು ಅಕ್ಷರ ಕತ್ತರಿಸಿದರೆ ಕೊನೆಯ ಚೂರು ಮಾತ್ರ ಸಿಗುತ್ತದೆ, ಬಲದಿಂದ ಇನ್ನೂರು ಕತ್ತರಿಸಿ ಅದರ ಎಡ ನೂರನ್ನು ತೆಗೆದುಕೊಂಡರೆ ಅದಕ್ಕೆ ಹಿಂದಿನ ಚೂರು. ಸುತ್ತಲಿನ ಖಾಲಿ ಜಾಗವನ್ನು TRIM ತೆಗೆಯುತ್ತದೆ. ಮೊದಲನೆಯದು ಎಫ್2ಕ್ಕೆ, ಎರಡನೆಯದು ಇ2ಕ್ಕೆ:

```
=TRIM(RIGHT(SUBSTITUTE(A2,",",REPT(" ",100)),100))
=TRIM(LEFT(RIGHT(SUBSTITUTE(A2,",",REPT(" ",100)),200),100))
```

ಇದನ್ನು ಬಾಯಿಪಾಠ ಮಾಡಿಸಬಾರದು. ಪ್ರಶಿಕ್ಷಣಾರ್ಥಿ ಕಾಗದದ ಪಟ್ಟಿಯನ್ನು ಅಲ್ಪವಿರಾಮದಲ್ಲಿ ಕತ್ತರಿಸಿ, ಚೂರುಗಳನ್ನು ಮೇಜಿನ ಮೇಲೆ ಒಂದೊಂದು ಗೇಣು ದೂರ ಇಟ್ಟು, ಬಲ ತುದಿಯಿಂದ ಒಂದು ಗೇಣು, ಎರಡು ಗೇಣು ಎಂದು ಅಳೆದು ತೋರಿಸಿದರು. ಆ ದೃಶ್ಯದ ನಂತರ ಸೂತ್ರ ಓದಿದಾಗ ಹೆಚ್ಚಿನ ಮಕ್ಕಳಿಗೆ ನೂರು ಎಂಬುದು ಗೇಣು ಎಂದು ಹೊಳೆಯಿತು. ಒಂದು ಮಿತಿಯನ್ನೂ ಹೇಳಬೇಕು: ಬಾಲದ ಚೂರು ಮತ್ತು ಬಡಾವಣೆಯ ಚೂರು ಸೇರಿ ನೂರು ಅಕ್ಷರ ಮೀರಿದರೆ ಗೇಣು ಸಾಲುವುದಿಲ್ಲ.

ಈಗ ಎರಡನೆಯ ಸಾಲಿಗೆ ಟಿಳಕವಾಡಿ, ಐದನೆಯದಕ್ಕೆ ಖಾನಾಪುರ ಬಂತು. ಆರನೆಯ ಸಾಲಿಗೆ "ಗುರುವಾರ ಪೇಟೆ ಟಿಳಕವಾಡಿ" ಎಂದು ಬಂತು, ಅಲ್ಲಿ ಅಲ್ಪವಿರಾಮವೇ ಇಲ್ಲ. ಇದನ್ನು ಕಣ್ಣಿನಿಂದ ಹುಡುಕುವ ಬದಲು ಹಾಳೆಯೇ ಹೇಳುವಂತೆ ಮಾಡಬಹುದು. ಜೆ2, ಜೆ3, ಜೆ4ರಲ್ಲಿ ಟಿಳಕವಾಡಿ, ಶಹಾಪುರ, ಖಾನಾಪುರ ಎಂದೂ, ಪಕ್ಕದ ಕೆ ಕಾಲಂನಲ್ಲಿ 590006, 590003, 591302 ಎಂದೂ ಬರೆದರು. ನಂತರ ಎಚ್2ರಲ್ಲಿ:

```
=VLOOKUP(E2,$J$2:$K$4,2,FALSE)=G2
```

ಮೊದಲ ಬಾರಿ ಒಳ್ಳೆಯ ಸಾಲುಗಳೂ ಸೇರಿ FALSE ಬಂದವು. ಪ್ರಶಿಕ್ಷಣಾರ್ಥಿಯ ಮುಖ ಬಾಡಿತು. ಕಾರಣ ಇಷ್ಟೆ: RIGHT ಕೊಟ್ಟ 590006 ಅಕ್ಷರ, ಕೆ ಕಾಲಂನಲ್ಲಿ ಟೈಪ್ ಮಾಡಿದ 590006 ಸಂಖ್ಯೆ. ಕಣ್ಣಿಗೆ ಒಂದೇ, ಎಕ್ಸೆಲ್‌ಗೆ ಬೇರೆ. ಸಂಖ್ಯೆ ಸೆಲ್‌ನ ಬಲಕ್ಕೆ ಅಂಟುತ್ತದೆ, ಅಕ್ಷರ ಎಡಕ್ಕೆ ಅಂಟುತ್ತದೆ ಎಂಬುದು ಗುರುತಿಸುವ ಉಪಾಯ. ಕೆ ಕಾಲಂನ ಬಗೆಯನ್ನು Text ಮಾಡಿ ಮೂರೂ ಪಿನ್‌ಗಳನ್ನು ಮತ್ತೆ ಟೈಪ್ ಮಾಡಿದ ಮೇಲೆ ನಾಲ್ಕು ಸಾಲು TRUE ಆದವು. ನಾಲ್ಕನೆಯದು FALSE, ಏಕೆಂದರೆ "ಗಾವಿ-6" ಪಿನ್ ಅಲ್ಲ. ಆರನೆಯದು #N/A, ಏಕೆಂದರೆ ಅಂಥ ಬಡಾವಣೆ ಪಟ್ಟಿಯಲ್ಲಿಲ್ಲ. ಕೈಯಿಂದ ನೋಡಬೇಕಾದ ಸಾಲುಗಳು ಯಾವುವೆಂದು ಹಾಳೆಯೇ ಹೇಳಿತು. ಖಾನಾಪುರದ ಹುಡುಗನ ಸೂತ್ರವನ್ನು ಮತ್ತೆ ಇ ಕಾಲಂನಲ್ಲಿ ಹಾಕಿ ನೋಡಿದಾಗ ಎರಡನೆಯ ಸಾಲು ಕೂಡಲೇ FALSE ಆಯಿತು. ಹುಡುಗನೇ ಎದ್ದುನಿಂತು ಕಾರಣ ಹೇಳಿದ: ಖಾನಾಪುರದ ಪಿನ್ 591302, ಈ ಸಾಲಿನದು 590006.

ತಲೆಯ ಕಡೆ

ಮನೆ ಸಂಖ್ಯೆಗೆ ಮೊದಲ ಅಲ್ಪವಿರಾಮದವರೆಗಿನದನ್ನು ತೆಗೆದುಕೊಂಡರು.

```
=LEFT(A2,FIND(",",A2)-1)
```

ಇಲ್ಲಿ 12/3 ತಾರೀಖಾಗಲಿಲ್ಲ. LEFT ಕೊಡುವುದು ಯಾವಾಗಲೂ ಅಕ್ಷರವೇ, ಆದ್ದರಿಂದ ಎಕ್ಸೆಲ್ ಅದನ್ನು ತಾರೀಖೆಂದು ಓದಲು ಹೋಗುವುದಿಲ್ಲ. ಆದರೆ ಮೂರನೆಯ ಸಾಲಿಗೆ "ಮಾತೃಛಾಯಾ" ಬಂತು. ಟಿಳಕವಾಡಿಯ ಹಳೆಯ ಮನೆಗಳಿಗೆ ಹೆಸರಿರುವುದು ಸಾಮಾನ್ಯ, ಸಂಖ್ಯೆ ಅದರ ಮುಂದಿನ ಚೂರಿನಲ್ಲಿದೆ. ಮಕ್ಕಳು ಕೈಯಿಂದಲೇ "ಮಾತೃಛಾಯಾ, ಪ್ಲಾಟ್ ನಂ. 7" ಎಂದು ತುಂಬಿದರು.

ಎರಡನೆಯ ಸಾಲಿನ ಸಿ.ಟಿ.ಎಸ್. ನಂಬರಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊರಗಿನಿಂದ ಬಂದ ಪ್ರಶಿಕ್ಷಣಾರ್ಥಿಗಳಿಗೆ ಇದು ಹೊಸದು. ಅದು ಸಿಟಿ ಸರ್ವೆಯ ಸಂಖ್ಯೆ. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಭಾಗದ ಪಟ್ಟಣಗಳಲ್ಲಿ ಆಸ್ತಿಯ ದಾಖಲೆ ಇದರ ಮೇಲೆ ನಡೆಯುತ್ತದೆ. ಅದು ನೆಲದ ತುಂಡಿನ ಸಂಖ್ಯೆ, ಬಾಗಿಲಿನದಲ್ಲ. ಒಂದೇ ಸಿ.ಟಿ.ಎಸ್. ನಂಬರಿನ ಮೇಲೆ ನಾಲ್ಕು ಮಹಡಿಯ ಕಟ್ಟಡವಿದ್ದರೆ ಎಲ್ಲ ಮನೆಗಳಿಗೂ ಒಂದೇ ಸಂಖ್ಯೆ. ಆದ್ದರಿಂದ "ಸಿ.ಟಿ.ಎಸ್. ನಂ." ಎಂಬ ಮುಂಗುರುತನ್ನು ತೆಗೆದು ಬರೀ 4108/2 ಎಂದು ಉಳಿಸಿದರೆ ಮಾಹಿತಿ ಹಾಳಾಗುತ್ತದೆ. ಮುಂದೆ ಓದುವವರು ಅದನ್ನು ಬಾಗಿಲ ಸಂಖ್ಯೆ ಎಂದುಕೊಳ್ಳುತ್ತಾರೆ. ಹಾಳೆ ಚೊಕ್ಕವಾಗಿ ಕಾಣಲೆಂದು ಇಂಥ ಮುಂಗುರುತುಗಳನ್ನು ಅಳಿಸುವ ಆಸೆ ಶಿಕ್ಷಕರಿಗೇ ಹೆಚ್ಚು.

ನಡುವಿನ ಬೀದಿ ಮತ್ತು ಗುರುತಿಗೆ ಸೂತ್ರ ಬರೆಯಲಿಲ್ಲ. ತಲೆ ಮತ್ತು ಬಾಲ ಕತ್ತರಿಸಿದ ಮೇಲೆ ಉಳಿಯುವುದು ಒಂದೋ ಎರಡೋ ಚೂರು. ಅದನ್ನು ಓದಿ ತೀರ್ಮಾನಿಸಲು ಮಗುವಿಗೆ ಬೇಕಾಗುವ ಸಮಯ ಸೂತ್ರ ಕಟ್ಟುವ ಸಮಯಕ್ಕಿಂತ ಕಡಿಮೆ. ಕಾಂಗ್ರೆಸ್ ರಸ್ತೆ ಎಂದು ತುಂಬುವಾಗ ಆ ಹೆಸರು ಯಾಕೆ ಬಂತೆಂದು ಯಾರೋ ಕೇಳಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಪ್ರಶಿಕ್ಷಣಾರ್ಥಿ ಎರಡು ಮಾತಿನಲ್ಲಿ ಹೇಳಿ ಮುಂದೆ ಹೋದರು. ಸಮಾಜ ವಿಜ್ಞಾನದವರಾಗಿದ್ದರೆ ಅಲ್ಲೇ ಗಂಟೆ ಬಾರಿಸುತ್ತಿತ್ತು.

ಏನೂ ಕಳೆದಿಲ್ಲವೆಂದು ತಿಳಿಯುವುದು

ಮೌಲ್ಯಮಾಪನಕ್ಕೆ ಸಾಮಾನ್ಯವಾಗಿ ಹೊಸ ವಿಳಾಸ ಕೊಟ್ಟು ಒಡೆಯಲು ಹೇಳುತ್ತೇವೆ. ಇಲ್ಲಿ ಅದರ ಬದಲು ಒಡೆದದ್ದನ್ನು ಎಣಿಸಿ ನೋಡುವ ಸೂತ್ರವನ್ನು ಐ2ರಲ್ಲಿ ಹಾಕಿಸಿದರು. ಮೂಲದಿಂದಲೂ ಚೂರುಗಳಿಂದಲೂ ಖಾಲಿ ಜಾಗ, ಅಲ್ಪವಿರಾಮ ತೆಗೆದು ಉಳಿದ ಅಕ್ಷರಗಳ ಲೆಕ್ಕ ಹೊಂದುತ್ತದೆಯೇ ಎಂದು ಇದು ನೋಡುತ್ತದೆ. ಜಿ ಇಲ್ಲಿ ಬರುವುದಿಲ್ಲ, ಪಿನ್ ಆಗಲೇ ಬಾಲದೊಳಗೆ ಇದೆ.

```
=LEN(SUBSTITUTE(SUBSTITUTE(A2," ",""),",",""))
 =LEN(SUBSTITUTE(SUBSTITUTE(B2&C2&D2&E2&F2," ",""),",",""))
```

ಎರಡೂ ಸಾಲು ಸೇರಿ ಒಂದೇ ಸೂತ್ರ. ಮೂರನೆಯ ವಿಳಾಸದಲ್ಲಿ ಒಂದು ಗುಂಪು "2ನೇ ಕ್ರಾಸ್" ಬಿಟ್ಟಿತ್ತು, ಅವರಿಗೆ FALSE ಬಂತು. ಆರನೆಯದರಲ್ಲಿ ಗುರುವಾರ ಪೇಟೆಯನ್ನು ಸಿ ಕಾಲಂಗೆ ಹಾಕಿದ ಇನ್ನೊಂದು ಗುಂಪು ಇ ಕಾಲಂನಿಂದ ಅದನ್ನು ತೆಗೆಯುವುದನ್ನು ಮರೆತಿತ್ತು, ಪೇಟೆ ಎರಡು ಸಲ ಬಂದು ಅವರಿಗೂ FALSE. ಕೊನೆಗೆ ಪ್ರಶಿಕ್ಷಣಾರ್ಥಿ ಬೇಕೆಂದೇ ಮೊದಲ ಪಾಠದ 12-Mar ಅನ್ನು ಬಿ2ರಲ್ಲಿ ಟೈಪ್ ಮಾಡಿದರು. ಮತ್ತೆ FALSE. 12/3 ನಾಲ್ಕು ಅಕ್ಷರ, ಒಳಗಿನ ದಿನದ ಎಣಿಕೆ ಐದು. ಮೊದಲ ದಿನ ತಾರೀಖು ಗುರುತಿಸಿದ ಹುಡುಗಿ ಅದಕ್ಕೆ ಕಾರಣ ಹೇಳಿದಳು. ಚೂರುಗಳು ಅದಲುಬದಲಾಗಿದ್ದರೆ ಮಾತ್ರ ಈ ಲೆಕ್ಕಕ್ಕೆ ತಿಳಿಯುವುದಿಲ್ಲ. ಬೀದಿಯನ್ನು ಗುರುತಿನ ಕಾಲಂನಲ್ಲಿ ಹಾಕಿದರೂ ಮೊತ್ತ ಅಷ್ಟೇ.

ಗಂಟೆ ಬಾರಿಸುವಾಗ ನಾಲ್ಕನೆಯ ಸಾಲಿನ ಎಚ್ ಕಾಲಂನಲ್ಲಿ ಇನ್ನೂ FALSE ಇತ್ತು. 590006 ಎಂದು ಬರೆದುಬಿಡೋಣವೆಂದು ಹಲವರು ಹೇಳಿದರು, ಟಿಳಕವಾಡಿ ಎಂದಿದೆಯಲ್ಲ, 6 ಎಂದೂ ಇದೆ. ನನಗೂ ಅದೇ ಸರಿ ಎನಿಸಿತು. ಪ್ರಶಿಕ್ಷಣಾರ್ಥಿ ಬರೆಯಿಸಿದರು, ಆದರೆ ಜಿ ಕಾಲಂನಲ್ಲಿ ಮಾತ್ರ. ಎ ಕಾಲಂನಲ್ಲಿ "ಬೆಳಗಾವಿ-6" ಹಾಗೆಯೇ ಇದೆ. ತುಂಬಿದ ಸೆಲ್‌ಗೆ ಹಳದಿ ಬಣ್ಣ ಹಾಕಿ, ಇದು ವಿಳಾಸದಲ್ಲಿ ಇರಲಿಲ್ಲ, ನಾವು ಸೇರಿಸಿದ್ದು ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಸಿದರು. ಶಾಲೆಯ ನಿಜವಾದ ಪಟ್ಟಿಯನ್ನು ಮರುವಾರ ಕಚೇರಿಯವರೊಂದಿಗೆ ಕುಳಿತು ಇದೇ ರೀತಿ ಒಡೆದರು. ಅದರಲ್ಲೂ ಕೆಲವು ಸೆಲ್‌ಗಳು ಹಳದಿಯಾಗಿಯೇ ಉಳಿದಿವೆ, ಆ ಪಾಲಕರನ್ನು ಕೇಳುವವರೆಗೆ.